8,450ಕ್ಕೆ ಆರ್ಡರ್ ಆದ ವೀಡ್ ಕಟರ್, ಈಗ "ರೇಟ್ ತಪ್ಪಾಗಿತ್ತು" ಅಂತಾರೆ. ಅದೇ ಬೆಲೆಗೆ ಕೊಡಿ ಅಂತ ಹಟ ಹಿಡಿಯಬಹುದಾ?

ಮಾದಾಪುರದ ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮದು ಮಾದಾಪುರದ ಹತ್ತಿರ ಮೂರು ಎಕರೆ ಕಾಫಿ. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಕಳೆ ಹೊಡೆಸಬೇಕು, ಆಳು ಸಿಗೋದಿಲ್ಲ, ನಿಮಗೆಲ್ಲ ಗೊತ್ತಿರೋದೇ. ಅದಕ್ಕೆ ಬೆನ್ನಿಗೆ ಹಾಕ್ಕೊಳ್ಳೋ ಫೋರ್ ಸ್ಟ್ರೋಕ್ ವೀಡ್ ಕಟರ್ ಹುಡುಕ್ತಾ ಇದ್ದೆ. ಕೃಷಿ ಯಂತ್ರ ಮಾರೋ ಒಂದು ಕಂಪನಿಯ ಸ್ವಂತ ವೆಬ್‌ಸೈಟಲ್ಲಿ ಹಬ್ಬದ ಆಫರ್ ನಡೀತಿತ್ತು. ಮೇಲ್ಗಡೆ "65%ವರೆಗೆ ರಿಯಾಯಿತಿ" ಅಂತ ದೊಡ್ಡದಾಗಿ ಹಾಕಿದ್ರು. ನಾನು ನೋಡಿದ ಯಂತ್ರಕ್ಕೆ 22,000 ಅಂತ ಬರೆದು ಗೆರೆ ಹೊಡೆದು, ಕೆಳಗೆ 8,450, ಪಕ್ಕದಲ್ಲಿ "62% ಆಫ್" ಅಂತ ಇತ್ತು.

ಭಾನುವಾರ ಬೆಳಿಗ್ಗೆ 6:40ಕ್ಕೆ ಆರ್ಡರ್ ಹಾಕಿ ಯುಪಿಐನಲ್ಲಿ ಪೂರ್ತಿ ದುಡ್ಡು ಕಟ್ಟಿದೆ. ಒಂದೇ ನಿಮಿಷಕ್ಕೆ "ನಿಮ್ಮ ಆರ್ಡರ್ ಖಚಿತವಾಗಿದೆ" ಅಂತ ಮೇಲ್ ಬಂತು. ಸೋಮವಾರ ಬೆಳಿಗ್ಗೆ ಬಿಲ್ ನಂಬರ್ ಸಮೇತ ಇನ್‌ವಾಯ್ಸ್ ಕಳಿಸಿ ಪ್ಯಾಕಿಂಗ್ ನಡೀತಿದೆ ಅಂದ್ರು. ಮಂಗಳವಾರ ಸಂಜೆ ನೋಡಿದ್ರೆ "ತಾಂತ್ರಿಕ ದೋಷದಿಂದ ಬೆಲೆ ತಪ್ಪಾಗಿ ಪ್ರಕಟವಾಗಿತ್ತು, ಆರ್ಡರ್ ರದ್ದು ಮಾಡಿದ್ದೇವೆ" ಅಂತ ಮೇಲ್. ಸರಿಯಾದ ಬೆಲೆ 18,450 ಅಂತೆ, ಮುಂದಿನ 1 ಬಿಟ್ಟುಹೋಗಿತ್ತಂತೆ. ಶುಕ್ರವಾರ ದುಡ್ಡು ವಾಪಸ್ ಬಂತು.

ಕಳೆ ಎದೆ ಮಟ್ಟ ಬಂದಿತ್ತು, ಕಾಯೋಕೆ ಆಗ್ಲಿಲ್ಲ. ಅದೇ ಮಾಡೆಲ್ ಕುಶಾಲನಗರದಲ್ಲಿ 18,200 ಕೊಟ್ಟು ತಂದೆ. ಆದ್ರೆ ಮನಸ್ಸು ಒಪ್ತಾ ಇಲ್ಲ. ದುಡ್ಡು ತಗೊಂಡು, ಬಿಲ್ ಕೊಟ್ಟು, ಆಮೇಲೆ ಇಲ್ಲ ಅನ್ನೋದು ನ್ಯಾಯವಾ? 8,450ಕ್ಕೇ ಕೊಡಿ ಅಂತ ಕೇಳೋ ಹಕ್ಕು ನನಗೆ ಇದೆಯಾ?

ಕಾವೇರಿ ತೀರ
ಖಂಡಿತ ಇದೆ ಬ್ರದರ್. ಹಾಕಿದ ರೇಟಿಗೆ ಕೊಡಲೇಬೇಕು, ಎಂಆರ್‌ಪಿ ಕಾನೂನೇ ಇದೆಯಲ್ಲ. ಒಡಿಶಾದಲ್ಲಿ ಒಬ್ಬ ಹುಡುಗನಿಗೆ 190 ರೂಪಾಯಿಗೆ ಲ್ಯಾಪ್‌ಟಾಪ್ ಕೊಡಿಸಿದೆ ಗ್ರಾಹಕ ಕೋರ್ಟು. ನೀವೂ ಕೇಸ್ ಹಾಕಿ, ಬಿಡಬೇಡಿ.

ಕುಶಾಲನಗರ ಹಾರ್ಡ್‌ವೇರ್
ಎಂಆರ್‌ಪಿಗೂ ಇದಕ್ಕೂ ಏನು ಸಂಬಂಧ ಸ್ವಾಮಿ? ಎಂಆರ್‌ಪಿ ಅಂದ್ರೆ ಅದಕ್ಕಿಂತ ಜಾಸ್ತಿ ತಗೋಬಾರದು ಅಂತ. ಕಮ್ಮಿಗೆ ಕೊಡಲೇಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ.

ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದ್ದೀನಿ. ಹುಡುಗರು ಸ್ಟಿಕರ್ ತಪ್ಪಿ ಅಂಟಿಸ್ತಾರೆ. 1,250ರ ಗರಗಸಕ್ಕೆ 125 ಅಂತ ಅಂಟಿರುತ್ತೆ. ಗಿರಾಕಿ ತಂದು ಟೇಬಲ್ ಮೇಲಿಟ್ಟಾಗ "ಅಣ್ಣ, ಇದು ತಪ್ಪಾಗಿದೆ" ಅಂತ ಹೇಳ್ತೀನಿ, ಬೇಕಿದ್ರೆ ತಗೊಳ್ತಾರೆ, ಬೇಡದಿದ್ರೆ ಬಿಡ್ತಾರೆ. ಯಾರೂ ಕೋರ್ಟಿಗೆ ಹೋಗಿಲ್ಲ. ಆನ್‌ಲೈನ್ ಅಂದ ಮಾತ್ರಕ್ಕೆ ಬೇರೆ ನ್ಯಾಯ ಯಾಕೆ?

ಮಾದಾಪುರದ ಹುಡುಗ
ಅಣ್ಣ, ನಿಮ್ಮ ಅಂಗಡೀಲಿ ದುಡ್ಡು ತಗೊಳ್ಳೋ ಮೊದಲೇ ಹೇಳ್ತೀರಿ. ಇವರು ದುಡ್ಡು ತಗೊಂಡು, ಬಿಲ್ ಹರಿದು, ಎರಡು ದಿನ ಬಿಟ್ಟು ಹೇಳಿದ್ದು. ವ್ಯತ್ಯಾಸ ಇಲ್ವಾ?

ಮಂಜಿನ ಮನೆ
ನನಗೂ ಹೀಗೇ ಆಯ್ತು. ಮಿಕ್ಸಿ ಆರ್ಡರ್ ಮಾಡಿದ್ದೆ, ಜಾರ್ ಒಡೆದು ಬಂತು. ವಾಪಸ್ ತಗೊಳ್ಳೋಕೆ ಬಂದ ಹುಡುಗ ಮಡಿಕೇರಿಯಿಂದ ನಮ್ಮ ಮನೆವರೆಗೆ ಜೀಪ್ ಬರಲ್ಲ ಅಂತ ಕೆಳಗಿನ ರಸ್ತೆಯಿಂದಲೇ ವಾಪಸ್ ಹೋದ. ಹತ್ತು ದಿನ ಫೋನ್ ಮಾಡಿ ಸಾಕಾಯ್ತು. ಆನ್‌ಲೈನ್‌ನವರನ್ನ ನಂಬಬೇಡಿ.

ವಕೀಲಕ್ಕ ಮಡಿಕೇರಿ
ಮಂಜಿನ ಮನೆಯವರೇ, ನಿಮ್ಮದು ಒಡೆದ ಸಾಮಾನಿನ ವಿಷಯ, ಅದು ಬೇರೆ, ಸುಲಭ ಕೂಡ. ಮಾದಾಪುರದ ತಮ್ಮ ಕೇಳ್ತಿರೋದು ತಪ್ಪಾಗಿ ಬಿದ್ದ ಬೆಲೆಯ ಬಗ್ಗೆ. ಗ್ರಾಹಕ ಆಯೋಗದಲ್ಲಿ ಇಂಥ ಕೇಸು ನಡೆಸಿದ ಅನುಭವ ಇರೋದರಿಂದ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಆ ಒಡಿಶಾ ಕೇಸು. ಎಲ್ಲ ಕಡೆ ತಪ್ಪಾಗಿ ಹರಡಿದೆ. 2014ರ ಡಿಸೆಂಬರಲ್ಲಿ ಒಬ್ಬ ಕಾನೂನು ವಿದ್ಯಾರ್ಥಿ 23,499ರ ಲ್ಯಾಪ್‌ಟಾಪನ್ನ 190 ರೂಪಾಯಿಗೆ ಆರ್ಡರ್ ಮಾಡಿದ. ಸುಮಾರು ಎರಡು ಗಂಟೆಯಲ್ಲಿ ಕಂಪನಿಯವರು ರದ್ದು ಮಾಡಿದರು. ಕೊನೆಗೆ 2021ರಲ್ಲಿ ಒಡಿಶಾ ರಾಜ್ಯ ಆಯೋಗ ಅವನಿಗೆ ಪರಿಹಾರ, ದಂಡರೂಪದ ಮೊತ್ತ, ಖರ್ಚು ಎಲ್ಲ ಸೇರಿ 45,000 ಕೊಡಿಸಿತು. ಆದರೆ 190ಕ್ಕೆ ಲ್ಯಾಪ್‌ಟಾಪ್ ಕೊಡಿ ಅಂತ ಹೇಳಲಿಲ್ಲ. ಆರು ವರ್ಷ ಅಲೆದಿದ್ದಕ್ಕೆ ಸಿಕ್ಕಿದ್ದು ಹಣ, ಸಾಮಾನಲ್ಲ. ಅದಕ್ಕೇ "ಆ ಬೆಲೆಗೆ ಸಾಮಾನು ಕೊಡಿ ಅನ್ನಬಹುದಾ" ಮತ್ತು "ಕೊಡದೇ ಹೋಗಿದ್ದಕ್ಕೆ ಪರಿಹಾರ ಕೇಳಬಹುದಾ" ಅನ್ನೋ ಎರಡು ಪ್ರಶ್ನೆ ಬೇರೆ ಬೇರೆ ಇಟ್ಕೊಳ್ಳಿ.

ಈಗ ಹಾರ್ಡ್‌ವೇರ್ ಅಣ್ಣನ ಮಾತು. ಅಂಗಡಿಯ ಸ್ಟಿಕರ್ ಬಗ್ಗೆ ಅವರು ಹೇಳಿದ್ದು ಸರಿ. ಕಪಾಟಿನಲ್ಲಿ ಬೆಲೆ ಹಾಕಿ ಇಡೋದು "ಬನ್ನಿ, ಕೇಳಿ" ಅನ್ನೋ ಕರೆ ಮಾತ್ರ. ಗಿರಾಕಿ ಟೇಬಲ್ ಮೇಲೆ ಇಟ್ಟಾಗ ಕೊಳ್ಳುವ ಪ್ರಸ್ತಾಪ ಮಾಡೋದು ಅವನು, ಒಪ್ಪೋದು ಬಿಡೋದು ಅಂಗಡಿಯವರದ್ದು. ವೆಬ್‌ಸೈಟಿನ ಪುಟಕ್ಕೂ ಸಾಮಾನ್ಯವಾಗಿ ಹೀಗೇ ನೋಡ್ತಾರೆ. ಹಾಗಾದರೆ ತಮ್ಮನ ಕೇಸಲ್ಲಿ ಮಾರುವವನು ಒಪ್ಪಿದ್ದು ಯಾವ ಗಳಿಗೆಯಲ್ಲಿ? ಮೊದಲ ಮೇಲಿನಲ್ಲಾ, ಇನ್‌ವಾಯ್ಸಿನಲ್ಲಾ, ಇಲ್ಲ ಒಪ್ಪಲೇ ಇಲ್ಲವಾ? ಎಲ್ಲ ನಿಂತಿರೋದು ಇದರ ಮೇಲೆ.

ತಮ್ಮಾ, ಮೂರು ವಿಷಯ ಹೇಳು. ಅವರ ವೆಬ್‌ಸೈಟಿನ ಷರತ್ತುಗಳಲ್ಲಿ ಒಪ್ಪಂದ ಯಾವಾಗ ಆಗುತ್ತೆ ಅಂತ ಬರೆದಿದೆ? ಗಿರಾಕಿ ರದ್ದು ಮಾಡಿದರೆ ಹಣ ಹಿಡಿಯುತ್ತಾರಾ? ನೀನು ಎಷ್ಟು ಯಂತ್ರ ಆರ್ಡರ್ ಮಾಡಿದ್ದೆ?

ಮಾದಾಪುರದ ಹುಡುಗ
ಅಕ್ಕ, ಈಗ ಕೂತು ಪೂರ್ತಿ ಓದಿದೆ. "ಸರಕು ರವಾನೆಯಾದಾಗ ಮಾತ್ರ ಮಾರಾಟದ ಒಪ್ಪಂದ ಪೂರ್ಣ" ಅಂತ ಒಂದು ಸಾಲು ಇದೆ. "ಬೆಲೆಯಲ್ಲಿ ದೋಷ ಇದ್ದರೆ ರದ್ದು ಮಾಡುವ ಹಕ್ಕು ನಮಗಿದೆ" ಅಂತಲೂ ಇದೆ. ಆರ್ಡರ್ ಖಚಿತವಾದ ಮೇಲೆ ನಾವು ರದ್ದು ಮಾಡಿದರೆ 500 ರೂಪಾಯಿ ಕಡಿತ. ನಾನು ತಗೊಂಡಿದ್ದು ಒಂದೇ.

ಬೆಂಗಳೂರಲ್ಲಿರೋ ಕೊಡಗಿನವ
ಇಂಥ ಸೈಟುಗಳ ಹಿಂದಿನ ಕೆಲಸ ಮಾಡ್ತೀನಿ, ಹೇಗಾಗುತ್ತೆ ಅಂತ ಹೇಳ್ತೀನಿ. ಹಬ್ಬದ ಹಿಂದಿನ ರಾತ್ರಿ ಸಾವಿರಾರು ಸಾಮಾನಿನ ಬೆಲೆ ಒಂದೇ ಎಕ್ಸೆಲ್ ಶೀಟಲ್ಲಿ ತುಂಬಿ ಒಟ್ಟಿಗೆ ಏರಿಸ್ತಾರೆ. ಒಂದು ಅಂಕಿ ಬಿಟ್ಟುಹೋದ್ರೆ ಯಾರ ಕಣ್ಣಿಗೂ ಬೀಳಲ್ಲ. ಆ "62% ಆಫ್" ಅನ್ನೋದನ್ನ ಯಾರೂ ಕೂತು ಬರೆದಿರಲ್ಲ. 22,000 ಮತ್ತು 8,450 ಎರಡನ್ನೂ ಇಟ್ಟುಕೊಂಡು ಸಾಫ್ಟ್‌ವೇರೇ ಲೆಕ್ಕ ಹಾಕಿ ತೋರಿಸುತ್ತೆ. ಖಚಿತ ಅನ್ನೋ ಮೇಲ್, ಬಿಲ್ ಎಲ್ಲ ತಾನಾಗೇ ಹೋಗುತ್ತೆ. ಆರ್ಡರ್ ಒಂದೇ ಸಮನೆ ಬರೋಕೆ ಶುರುವಾದಾಗಲೇ ಗೊತ್ತಾಗೋದು. ಮೋಸ ಮಾಡಬೇಕು ಅಂತ ಮಾಡಿರಲ್ಲ.

ಕಾವೇರಿ ತೀರ
ಯಂತ್ರ ಮಾಡಿದ್ದು ಅಂದ್ರೆ ಜವಾಬ್ದಾರಿ ಇಲ್ವಾ? ನಾವು ತಪ್ಪಿ ಬೇರೆಯವರ ಯುಪಿಐಗೆ ದುಡ್ಡು ಹಾಕಿದ್ರೆ ಯಾರು ವಾಪಸ್ ಕೊಡ್ತಾರೆ?

ವಕೀಲಕ್ಕ ಮಡಿಕೇರಿ
ಬೆಂಗಳೂರಿನವರು ಹೇಳಿದ್ದು ನಡೆದ ರೀತಿಗೆ ಸರಿ, ಆದರೆ ಕಾವೇರಿ ತೀರದವರ ಪ್ರಶ್ನೆಯಲ್ಲೂ ಹುರುಳಿದೆ. ಕಂಪನಿ ತನ್ನ ಸಾಫ್ಟ್‌ವೇರನ್ನ ತನ್ನ ಪರವಾಗಿ ಮಾತಾಡೋಕೆ ಬಿಟ್ಟ ಮೇಲೆ, ಅದು ಆಡಿದ ಮಾತು ಕಂಪನಿಯದ್ದೇ. 1872ರ ಒಪ್ಪಂದ ಕಾಯ್ದೆಯ 22ನೇ ಸೆಕ್ಷನ್ ಕೂಡ ಇದೇ ದಾರಿಯಲ್ಲಿದೆ. ಒಬ್ಬ ತಪ್ಪು ತಿಳ್ಕೊಂಡಿದ್ದ ಅನ್ನೋ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗಲ್ಲ. ಇಬ್ಬರೂ ಸೇರಿ ಮುಖ್ಯ ಸಂಗತಿಯಲ್ಲೇ ತಪ್ಪಿದ್ದರೆ ಅದು 20ನೇ ಸೆಕ್ಷನ್, ಇಲ್ಲಿ ಅದಿಲ್ಲ. ಹಾಗಾಗಿ "ನಮ್ಮ ಕೈತಪ್ಪು" ಅಂದುಬಿಟ್ಟ ಮಾತ್ರಕ್ಕೆ ಕಂಪನಿ ಪಾರಾಗಲ್ಲ.

ಅವರ ಕೈಯಲ್ಲಿ ಉಳಿಯೋದು ಎರಡು ವಾದ. ಒಂದು, ರವಾನೆ ಆಗಿಲ್ಲ, ಆದ್ದರಿಂದ ಒಪ್ಪಂದವೇ ಆಗಿಲ್ಲ. ತಮ್ಮ ತೋರಿಸಿದ ಷರತ್ತಿನ ಸಾಲು ಅದಕ್ಕೇ ಇರೋದು, ಅದು ಅವರ ಗಟ್ಟಿ ಎಲೆ. ಇನ್ನೊಂದು, ಬೆಲೆ ತಪ್ಪು ಅಂತ ಗಿರಾಕಿಗೆ ಗೊತ್ತಿತ್ತು, ಗೊತ್ತಿದ್ದೂ ಬಾಚಿಕೊಂಡ.

ಈ ಎರಡನೇದಕ್ಕೆ ಹೊರದೇಶದ ಎರಡು ಕೇಸು ಯಾವಾಗಲೂ ಬರುತ್ತೆ. ನಮ್ಮ ಕೋರ್ಟುಗಳು ಅದಕ್ಕೆ ಕಟ್ಟುಬಿದ್ದಿಲ್ಲ, ಆದರೆ ಗಮನಕ್ಕೆ ತಗೊಳ್ತವೆ. ಇಂಗ್ಲೆಂಡಿನಲ್ಲಿ 1939ರದ್ದು ಮೊಲದ ಚರ್ಮದ ವ್ಯಾಪಾರ. ಮಾತುಕತೆ ಎಲ್ಲ ಒಂದು ಚರ್ಮಕ್ಕೆ ಇಷ್ಟು ಅಂತ ನಡೆದಿತ್ತು, ಕೊನೆಗೆ ಬರೆಯುವಾಗ ಒಂದು ಪೌಂಡ್ ತೂಕಕ್ಕೆ ಅಂತ ಬರೆದುಬಿಟ್ಟರು. ಒಂದು ಪೌಂಡಿಗೆ ಸುಮಾರು ಮೂರು ಚರ್ಮ, ಅಂದರೆ ಬೆಲೆ ಮೂರನೇ ಒಂದು ಭಾಗಕ್ಕೆ ಇಳಿಯಿತು. ಕೊಳ್ಳುವವನಿಗೆ ಆ ತಪ್ಪು ಗೊತ್ತಿರಲೇಬೇಕು ಅಂತ ಹೇಳಿ ಕೋರ್ಟು ಅವನ ದಾವೆ ತಳ್ಳಿಹಾಕಿತು. ಸಿಂಗಾಪುರದ್ದು ಇನ್ನೂ ಹತ್ತಿರ. 3,854 ಡಾಲರಿನ ಲೇಸರ್ ಪ್ರಿಂಟರ್ ವೆಬ್‌ಸೈಟಲ್ಲಿ 66 ಡಾಲರ್ ಅಂತ ಬಿತ್ತು. ಆರು ಜನ ಸೇರಿ 1,606 ಪ್ರಿಂಟರ್ ಆರ್ಡರ್ ಮಾಡಿದರು, ಖಚಿತ ಅನ್ನೋ ಮೇಲೂ ಬಂತು. 2004ರಲ್ಲೂ, ಮೇಲ್ಮನವಿಯಲ್ಲಿ 2005ರಲ್ಲೂ ಅವರು ಸೋತರು. ಸೋಲಿಸಿದ್ದು ಯಾವುದು ಅಂದರೆ ಅವರವರೇ ಆ ರಾತ್ರಿ ಕಳಿಸಿಕೊಂಡಿದ್ದ ಚಾಟ್ ಮೆಸೇಜುಗಳು.

ಐಗೂರು ಎಸ್ಟೇಟ್
ಹಾಗಾದ್ರೆ ಒಂದು ಮಾತು ಹೇಳಲೇಬೇಕು. ಆ ಭಾನುವಾರ ನಮ್ಮ ತೋಟದವರ ವಾಟ್ಸಾಪ್ ಗ್ರೂಪಲ್ಲಿ ಇದೇ ಲಿಂಕ್ ಬಂದಿತ್ತು. "ರೇಟ್ ತಪ್ಪಿ ಹಾಕಿದ್ದಾರೆ, ತೆಗೆಯೋ ಮೊದಲು ತಗೊಳ್ಳಿ" ಅಂತ ಬರೆದಿದ್ರು. ಅದನ್ನ ನೋಡಿಯೇ ನಾನು ನಾಲ್ಕು ಆರ್ಡರ್ ಮಾಡಿದ್ದು, ಒಂದು ನಮಗೆ, ಮೂರು ಮಾರೋಣ ಅಂತ. ನನ್ನದೂ ಕ್ಯಾನ್ಸಲ್. ಮಾದಾಪುರದ ತಮ್ಮ, ಆ ಮೆಸೇಜ್ ನಿಮ್ಮ ಮನೆಯವರದ್ದೇ ಅಲ್ವಾ?

ಕುಶಾಲನಗರ ಹಾರ್ಡ್‌ವೇರ್
ನೋಡಿ, ಬಂತಲ್ಲ ವಿಷಯ ಹೊರಗೆ. ಗೊತ್ತಿದ್ದೂ ತಗೊಂಡಿದ್ದಾರೆ.

ಮಾದಾಪುರದ ಹುಡುಗ
ಅದು ನನ್ನ ಚಿಕ್ಕಪ್ಪನ ಮಗ ಹಾಕಿದ್ದು, 9:15ಕ್ಕೆ. ನಾನು ಆರ್ಡರ್ ಮಾಡಿದ್ದು 6:40ಕ್ಕೆ. ಲಿಂಕ್ ಅವನಿಗೆ ಕಳಿಸಿದ್ದು ನಾನೇ, ಹೌದು. ಆದ್ರೆ ನಾನು ಬರೆದಿದ್ದು "ಹಬ್ಬಕ್ಕೆ ಒಳ್ಳೆ ಆಫರ್ ಇದೆ ನೋಡು, ನಾನು ಒಂದು ತಗೊಂಡೆ" ಅಂತ ಅಷ್ಟೇ. ಆ ಮೆಸೇಜ್ ಈಗಲೂ ಫೋನಲ್ಲಿ ಇದೆ. ಅವನು ಅದಕ್ಕೆ ತನ್ನ ಮಾತು ಸೇರಿಸಿ ಗ್ರೂಪಿಗೆ ಹಾಕಿದ.

ಹಾರ್ಡ್‌ವೇರ್ ಅಣ್ಣ, ನೀವೇ ಹೇಳಿ. ಎಂಟು ಸಾವಿರಕ್ಕೆ ಚೀನಾದ ವೀಡ್ ಕಟರ್ ಸಿಗಲ್ವಾ? ಸೈಟಿನ ತಲೆ ಮೇಲೆ 65% ಅಂತ ಅವರೇ ಹಾಕಿಕೊಂಡಿರುವಾಗ 62% ನೋಡಿ ನಾನು ಯಾಕೆ ಅನುಮಾನ ಪಡಬೇಕಿತ್ತು?

ಕುಶಾಲನಗರ ಹಾರ್ಡ್‌ವೇರ್
ಸಿಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಅದು ಟೂ ಸ್ಟ್ರೋಕ್, ಎಣ್ಣೆ ಬೆರೆಸಿ ಹಾಕೋದು, ಎರಡು ಸೀಸನ್ ಬಂದ್ರೆ ಹೆಚ್ಚು. ನೀನು ನೋಡಿದ ಫೋರ್ ಸ್ಟ್ರೋಕ್ ಮಾಡೆಲ್ ಯಾವತ್ತೂ ಹದಿನೇಳರ ಕೆಳಗೆ ಬಂದಿದ್ದಿಲ್ಲ. ತೋಟ ಮಾಡೋನಿಗೆ ಅದು ಗೊತ್ತಿರುತ್ತೆ ಅನ್ನೋದು ನನ್ನ ಅಭಿಪ್ರಾಯ. ಬೇಜಾರ್ ಮಾಡ್ಕೋಬೇಡ.

ವಕೀಲಕ್ಕ ಮಡಿಕೇರಿ
ಇದೇ ನಿಜವಾದ ಜಗಳದ ಜಾಗ. 23 ಸಾವಿರದ್ದು 190 ಅಂದರೆ ಯಾರಿಗಾದರೂ ತಪ್ಪು ಅಂತ ಕಾಣುತ್ತೆ. ಆ ಒಡಿಶಾ ಕೇಸಲ್ಲೂ ಪರಿಹಾರ ಸಿಕ್ಕಿತಲ್ಲ ಅಂದರೆ, ಹೌದು, ಗ್ರಾಹಕ ಆಯೋಗ ಒಪ್ಪಂದದ ಕಾಯ್ದೆಯ ಅಕ್ಷರ ಮಾತ್ರ ನೋಡಲ್ಲ, ಮಾರುವವನು ನಡೆದುಕೊಂಡ ರೀತಿಯನ್ನೂ ನೋಡುತ್ತೆ. ಆದರೆ ಎಲ್ಲ ಆಯೋಗವೂ ಹಾಗೇ ಹೇಳುತ್ತೆ ಅಂತ ನಂಬಿ ಕೂರೋಕಾಗಲ್ಲ.

18,450ರದ್ದು 8,450 ಅನ್ನೋದು ನಡುವಿನ ಕೇಸು. ಹಬ್ಬದ ಆಫರ್, ಸೈಟಿನದ್ದೇ 65% ಬ್ಯಾನರ್, ಅದೇ ಬೆಲೆಗೆ ಬೇರೆ ತರದ ಯಂತ್ರಗಳು, ಒಂದೇ ಯಂತ್ರ, ಸ್ವಂತ ತೋಟಕ್ಕೆ, ಇವೆಲ್ಲ ತಮ್ಮನ ಪರ. ಹಾರ್ಡ್‌ವೇರ್ ಅಣ್ಣ ಹೇಳಿದ ಮಾತನ್ನೇ ಕಂಪನಿಯ ವಕೀಲರೂ ಹೇಳ್ತಾರೆ, ಅದೂ ಸುಳ್ಳಲ್ಲ. ತಮ್ಮಾ, "ಒಳ್ಳೆ ಆಫರ್" ಅನ್ನೋ ನಿನ್ನ ಮೆಸೇಜು ಅಳಿಸಬೇಡ. ನಿನಗೆ ಗೊತ್ತಿರಲಿಲ್ಲ ಅನ್ನೋಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಚಿಕ್ಕಪ್ಪನ ಮಗನ ಮೆಸೇಜನ್ನೂ ಯಾರೂ ಅಳಿಸೋಕೆ ಹೋಗಬೇಡಿ. ಗ್ರೂಪಲ್ಲಿ ಎಲ್ಲರ ಹತ್ತಿರ ಇದೆ, ಅಳಿಸಿದರೆ ಅದೇ ಅನುಮಾನಕ್ಕೆ ದಾರಿ.

ಐಗೂರಿನವರೇ, ನಿಮ್ಮದು ಕಷ್ಟ. ತಪ್ಪು ಅಂತ ಬರೆದ ಮೆಸೇಜ್ ಓದಿ, ಅದರ ಮೇಲೆ ನಾಲ್ಕು ತಗೊಂಡಿದ್ದೀರಿ, ಮೂರು ಮಾರೋಕೆ. ಮತ್ತೆ ಮಾರೋಕೆ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಗ್ರಾಹಕರೇ ಅಲ್ಲ.

ಐಗೂರು ಎಸ್ಟೇಟ್
ಸರಿ ಮೇಡಂ. ಇದ್ದಿದ್ದನ್ನ ಇದ್ದ ಹಾಗೆ ಹೇಳಿದೆ. ನಾನು ಮುಂದುವರಿಯಲ್ಲ. ಆದ್ರೆ ಒಂದು ಡೌಟು. ತೋಟ ಅಂದ್ರೆ ಅದೂ ವ್ಯಾಪಾರ ತಾನೆ? ಹಾಗಾದ್ರೆ ಮಾದಾಪುರದವರೂ ಗ್ರಾಹಕ ಆಗಲ್ಲ ಅಂತಾರಾ?

ವಕೀಲಕ್ಕ ಮಡಿಕೇರಿ
ಒಳ್ಳೆ ಪ್ರಶ್ನೆ, ಕಂಪನಿಯವರು ಇದನ್ನ ಎತ್ತಿಯೇ ಎತ್ತುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಕೊಂಡ ಸಾಮಾನು "ವಾಣಿಜ್ಯ ಉದ್ದೇಶ" ಅಲ್ಲ ಅಂತ ಕಾಯ್ದೆಯಲ್ಲೇ ವಿವರಣೆ ಇದೆ. ಮೂರು ಎಕರೆಯಲ್ಲಿ ತಾನೇ ಯಂತ್ರ ಹೊತ್ತು ಕಳೆ ಹೊಡೆಯೋನು ಅದರೊಳಗೆ ಬರ್ತಾನೆ ಅಂತ ನಾನು ವಾದ ಮಾಡ್ತೀನಿ. ನೂರು ಎಕರೆ ಕಂಪನಿ ಎಸ್ಟೇಟಿನವರು ಹತ್ತು ಯಂತ್ರ ತಗೊಂಡಿದ್ದರೆ ಆ ವಾದ ನಿಲ್ಲೋದು ಕಷ್ಟ.

ಜೇನುಗೂಡು ಪೊನ್ನಂಪೇಟೆ
ಇಷ್ಟು ಹೊತ್ತು ಓದ್ತಾ ಇದ್ದೆ. ನಾನು ಮಾರುವವಳು. ಮನೆಯಲ್ಲೇ ಜೇನು, ಕರಿಮೆಣಸು ಪ್ಯಾಕ್ ಮಾಡಿ ಆನ್‌ಲೈನಲ್ಲಿ ಹಾಕ್ತೀನಿ. ಹೋದ ವರ್ಷ 100 ಗ್ರಾಂ ಮೆಣಸಿಗೆ 95 ಅಂತ ಹಾಕೋದನ್ನ 1 ಕೆಜಿಯ ಸಾಲಿನಲ್ಲಿ 95 ಅಂತ ಹಾಕಿಬಿಟ್ಟೆ. ವಕೀಲಕ್ಕ ಹೇಳಿದ ಮೊಲದ ಚರ್ಮದ ಕಥೆ ಓದಿ ಮೈ ಜುಮ್ ಅಂತು, ನನ್ನದೂ ಅಳತೆಯಲ್ಲೇ ಆದ ತಪ್ಪು.

ರಾತ್ರಿ ಕಳೆದು ಬೆಳಗಾಗೋದ್ರಲ್ಲಿ ಹನ್ನೊಂದು ಆರ್ಡರ್. ಎಂಟು ಜನ ಒಂದೊಂದು ಕೆಜಿ, ಇಬ್ಬರು ಐದೈದು, ಒಬ್ಬರು ಇಪ್ಪತ್ತು ಕೆಜಿ. ಎಲ್ಲಾ ಕಳಿಸಿದ್ರೆ 38 ಕೆಜಿ, ನಮ್ಮ ಮನೆಯ ಒಂದು ವರ್ಷದ ಮೆಣಸಿನಲ್ಲಿ ದೊಡ್ಡ ಪಾಲು. ಅವತ್ತು ನಾನು ಅತ್ತುಬಿಟ್ಟೆ. ಅತ್ತೆ ಹೇಳಿದ್ರು, ಒಂದು ಕೆಜಿ ತಗೊಂಡವರು ನಂಬಿ ತಗೊಂಡಿರ್ತಾರೆ, ಅವರಿಗೆ ಕಳಿಸು ಅಂತ. ಎಂಟು ಜನಕ್ಕೂ 95ಕ್ಕೇ ಕಳಿಸಿದೆ. ಐದು ಕೆಜಿಯವರಿಗೆ ಫೋನ್ ಮಾಡಿ ತಪ್ಪು ಹೇಳಿಕೊಂಡು ಒಂದೊಂದು ಕೆಜಿ ಕೊಟ್ಟು ಉಳಿದ ದುಡ್ಡು ವಾಪಸ್ ಹಾಕಿದೆ, ಒಪ್ಪಿದ್ರು. ಇಪ್ಪತ್ತು ಕೆಜಿಯವರು ಮಾತ್ರ ಕೇಸ್ ಹಾಕ್ತೀನಿ ಅಂತ ಹೆದರಿಸಿದ್ರು. ಅವರದು ಮೈಸೂರಲ್ಲಿ ದಿನಸಿ ಅಂಗಡಿ ಅಂತ ಆಮೇಲೆ ಗೊತ್ತಾಯ್ತು. ದುಡ್ಡು ವಾಪಸ್ ಹಾಕಿ ಸುಮ್ಮನಾದೆ, ಕೇಸ್ ಏನೂ ಬರಲಿಲ್ಲ.

ಹಾಗಾಗಿ ಮಾರುವವರನ್ನೆಲ್ಲ ಕಳ್ಳರು ಅನ್ನಬೇಡಿ. ಆದ್ರೆ ನಾನು ಗೊತ್ತಾದ ಕೂಡಲೇ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ನಿಮ್ಮ ಕಂಪನಿಯವರು ಎರಡು ದಿನ ತಗೊಂಡು ಒಂದು ಮೇಲ್ ಹಾಕಿ ಕೈ ತೊಳ್ಕೊಂಡಿದ್ದು ಸರಿಯಲ್ಲ.

ಸುಂಟಿಕೊಪ್ಪ ಟೀಚರ್
ನಿಮ್ಮ ಅತ್ತೆ ದೊಡ್ಡವರು. ಸಂತೆಯಲ್ಲಿ ಬಾಯಿ ತಪ್ಪಿ ಕಮ್ಮಿ ಹೇಳಿದವರಿಗೆ "ಸರಿಯಾಗಿ ನೋಡಿ ಹೇಳಿ" ಅಂತ ಕೇಳಿಯೇ ತಗೊಳ್ಳೋದು ನಮ್ಮ ಕಡೆ ಪದ್ಧತಿ. ಮಾದಾಪುರದ ತಮ್ಮನಿಗೆ ದುಡ್ಡು ಪೂರ್ತಿ ವಾಪಸ್ ಬಂದಿದೆ, ಯಂತ್ರವೂ ಬಂದಿದೆ. ಇನ್ನು ಯಾಕೆ ಅಲೆದಾಟ?

ಕಾವೇರಿ ತೀರ
ಟೀಚರ್, ಸಂತೆಯ ಅಜ್ಜಿ ಬೇರೆ, ಕಂಪನಿ ಬೇರೆ. ಕಂಪನಿಯವರು ನಮ್ಮ ತಪ್ಪಿಗೆ 500 ಹಿಡಿಯೋಕೆ ರೆಡಿ ಇದ್ದಾರೆ. ಅವರ ತಪ್ಪಿಗೆ ಏನೂ ಇಲ್ವಾ?

ವಕೀಲಕ್ಕ ಮಡಿಕೇರಿ
ಕಾವೇರಿ ತೀರದವರು ಈ ಸಲ ಸರಿಯಾದ ಎಳೆ ಹಿಡಿದಿದ್ದಾರೆ. 2020ರ ಇ-ಕಾಮರ್ಸ್ ನಿಯಮಗಳಲ್ಲಿ ಇದಕ್ಕೇ ಒಂದು ನಿಯಮ ಇದೆ. ಆರ್ಡರ್ ಖಚಿತವಾದ ಮೇಲೆ ಗಿರಾಕಿ ರದ್ದು ಮಾಡಿದರೆ ಹಣ ಹಿಡಿಯಬೇಕಾದರೆ, ತಾವೇ ಏಕಪಕ್ಷೀಯವಾಗಿ ರದ್ದು ಮಾಡಿದಾಗ ಅಂಥದೇ ಹಣ ತಾವೂ ಕೊಡಬೇಕು. ಕಾರಣ ಏನೇ ಇರಲಿ. ಹಾಗಾಗಿ ಆ 500 ಅಂತೂ ಬಾಯಿ ಬಿಟ್ಟು ಕೇಳು. ಮೊತ್ತ ಸಣ್ಣದು, ಆದರೆ ಅವರ ಷರತ್ತು ಒಂದೇ ಕಡೆಗೆ ವಾಲಿದೆ ಅಂತ ಅವರದ್ದೇ ಕಾಗದದಿಂದ ತೋರಿಸಿದ ಹಾಗಾಗುತ್ತೆ.

ಈಗ ದೊಡ್ಡ ಲೆಕ್ಕ. ಒಪ್ಪಂದ ಆಗಿತ್ತು ಅಂತ ಆಯೋಗ ಒಪ್ಪಿದರೆ, ನಿನ್ನ ನಷ್ಟ ಅಂದರೆ ಅದೇ ಮಾಡೆಲನ್ನ ಬೇರೆ ಕಡೆ ಕೊಳ್ಳೋಕೆ ಹೆಚ್ಚಿಗೆ ಕೊಟ್ಟ ಹಣ. 18,200ರಲ್ಲಿ 8,450 ಕಳೆದರೆ 9,750. ಕುಶಾಲನಗರದ ಬಿಲ್ಲು ಇರೋದು ಇದಕ್ಕೇ ಬಹಳ ಮುಖ್ಯ, ಮಾಡೆಲ್ ನಂಬರ್ ಅದರಲ್ಲಿ ಇರಲಿ. ನೀನು ಕಾಯ್ತಾ ಕೂತಿದ್ದರೆ ಈ ಅಂಕಿ ಇಷ್ಟು ಸ್ಪಷ್ಟ ಇರ್ತಿರಲಿಲ್ಲ. ಈಗ ಯಂತ್ರ ಬಂದಾಗಿರೋದರಿಂದ "8,450ಕ್ಕೆ ಕೊಡಿ" ಅಂತ ಕೇಳೋದಕ್ಕಿಂತ ಈ ವ್ಯತ್ಯಾಸ ಕೇಳೋದು ನೇರ.

ರವಾನೆಯ ಷರತ್ತಿಗೆ ಏನು ಹೇಳ್ತೀಯ ಅಂದರೆ, ಬಿಲ್ ನಂಬರ್ ಹಾಕಿ ಇನ್‌ವಾಯ್ಸ್ ಕಳಿಸಿದ್ದು, ಪ್ಯಾಕಿಂಗ್ ಅಂದಿದ್ದು, ಪೂರ್ತಿ ಹಣ ಎರಡು ದಿನ ಇಟ್ಟುಕೊಂಡಿದ್ದು, ಇದೆಲ್ಲ ಒಪ್ಪಿಗೆಯ ನಡತೆ ಅಂತ ಹೇಳು. ಇದು ಗೆಲ್ಲುತ್ತೆ ಅಂತ ನಾನು ಬರೆದುಕೊಡಲ್ಲ. ಷರತ್ತು ಓದಿ ಟಿಕ್ ಹಾಕಿದ್ದೀಯ ಅಂತ ಅವರು ಹೇಳ್ತಾರೆ. ಆ ಷರತ್ತೇ ಅನ್ಯಾಯದ್ದು ಅಂತ ನೇರವಾಗಿ ಪ್ರಶ್ನೆ ಮಾಡೋದಾದರೆ ಅದು ರಾಜ್ಯ ಆಯೋಗದ ವ್ಯಾಪ್ತಿ, ಬೆಂಗಳೂರಿಗೆ ಹೋಗಬೇಕು. ಮಡಿಕೇರಿಯ ಜಿಲ್ಲಾ ಆಯೋಗದಲ್ಲೇ ಮುಗಿಸಬೇಕು ಅಂದರೆ ಸೇವೆಯ ಕೊರತೆ, ಅನುಚಿತ ವ್ಯಾಪಾರ ಪದ್ಧತಿ ಅಂತ ದೂರು ಬರೆಯಬೇಕು.

ಬೆಂಗಳೂರಲ್ಲಿರೋ ಕೊಡಗಿನವ
ಮೇಡಂ, ಅವನು ರಿಫಂಡ್ ತಗೊಂಡಾಯ್ತಲ್ಲ? ಅಲ್ಲಿಗೆ ಮುಗೀತು ಅಂತಲ್ವಾ?

ವಕೀಲಕ್ಕ ಮಡಿಕೇರಿ
ಇಲ್ಲ. ಅವನು ಕೇಳಿ ತಗೊಂಡಿದ್ದಲ್ಲ, ಅವರೇ ಖಾತೆಗೆ ಹಾಕಿದ್ದು. ಆದರೂ "ಹಣ ಬಂದಿದೆ, ಆದರೆ ರದ್ದತಿಯನ್ನು ನಾನು ಒಪ್ಪಿಲ್ಲ, ನನ್ನ ಹಕ್ಕು ಉಳಿಸಿಕೊಂಡಿದ್ದೇನೆ" ಅಂತ ಇವತ್ತೇ ಒಂದು ಮೇಲ್ ಹಾಕಿಬಿಡಲಿ. ಕೂಪನ್ ಏನಾದರೂ ಕೊಟ್ಟರೆ "ಪೂರ್ಣ ಇತ್ಯರ್ಥ" ಅಂತ ಎಲ್ಲಾದರೂ ಇದೆಯಾ ನೋಡದೆ ಒತ್ತಬೇಡ.

ಮಾದಾಪುರದ ಹುಡುಗ
ಅಕ್ಕ, ಮುಂದೆ ಏನು ಮಾಡ್ಲಿ, ಸಾಲಾಗಿ ಹೇಳ್ತೀರಾ? ಮಡಿಕೇರಿಗೆ ಎಷ್ಟು ಸಲ ಓಡಾಡಬೇಕು, ಫೀಸ್ ಎಷ್ಟು? ಇಲ್ಲಿಂದ ಬಸ್ಸಿಗೆ ಹೋಗಿ ಬರೋದ್ರಲ್ಲಿ ಒಂದು ದಿನದ ಕೆಲಸ ಹೋಗುತ್ತೆ.

ವಕೀಲಕ್ಕ ಮಡಿಕೇರಿ
ಮೊದಲು ಕಂಪನಿಯ ದೂರು ಅಧಿಕಾರಿಗೆ ಬರಿ. ಅವರ ಹೆಸರು, ಮೇಲ್ ವಿಳಾಸ ಸೈಟಲ್ಲಿ ಇರಲೇಬೇಕು ಅಂತ ನಿಯಮ. 48 ಗಂಟೆಯೊಳಗೆ ದೂರು ಬಂದಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಕಥೆ ಬರೆಯಬೇಡ. ದಿನಾಂಕ, ಸಮಯ, ಬಿಲ್ ನಂಬರ್, 9,750 ಮತ್ತು 500, ಅಷ್ಟೇ. ಬ್ಯಾನರಿನ ಸ್ಕ್ರೀನ್‌ಶಾಟ್ ಇದೆಯಾ?

ಜೊತೆಗೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ನೋಂದಾಯಿಸು, ಕನ್ನಡದಲ್ಲೇ ಮಾತಾಡಬಹುದು. ಅವರು ಆದೇಶ ಮಾಡೋಕಾಗಲ್ಲ, ಆದರೆ ಕಂಪನಿಗೆ ಕಳಿಸ್ತಾರೆ, ಬಹಳ ಸಲ ಅಲ್ಲೇ ರಾಜಿ ಆಗುತ್ತೆ.

ಎರಡರಲ್ಲೂ ಆಗದಿದ್ದರೆ ಆಮೇಲೆ ಆಯೋಗ. ನೀನಿರೋ ಜಿಲ್ಲೆಯಲ್ಲೇ ಹಾಕಬಹುದು, ಕಂಪನಿ ಎಲ್ಲಿದ್ದರೂ ಮಡಿಕೇರಿಗೇ ಬರಬೇಕು. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಫೀಸ್ ಇಲ್ಲ. ಇ-ಜಾಗೃತಿ ಪೋರ್ಟಲಲ್ಲಿ ಮನೆಯಿಂದಲೇ ದೂರು ಹಾಕಬಹುದು. ಎರಡು ವರ್ಷ ಸಮಯ ಇದೆ, ಅವಸರ ಇಲ್ಲ. ಆದರೆ ಟೀಚರ್ ಹೇಳಿದ್ದನ್ನೂ ತೂಗಿ ನೋಡು. 9,750ಕ್ಕೆ ಎಷ್ಟು ದಿನದ ಕೂಲಿ ಕಳೆದುಕೊಳ್ಳೋಕೆ ತಯಾರಿದ್ದೀಯ ಅನ್ನೋದು ನಿನ್ನ ಲೆಕ್ಕ, ಕಾನೂನಿನದ್ದಲ್ಲ.

ಮಾದಾಪುರದ ಹುಡುಗ
ಬ್ಯಾನರಿನ ಸ್ಕ್ರೀನ್‌ಶಾಟ್ ಇಲ್ಲ ಅಕ್ಕ. ಬೆಲೆ ಇರೋ ಪುಟದ್ದು ಇದೆ, ಚಿಕ್ಕಪ್ಪನ ಮಗನಿಗೆ ಕಳಿಸಿದ್ದೆ.

ಐಗೂರು ಎಸ್ಟೇಟ್
ಬ್ಯಾನರ್ ನನ್ನ ಹತ್ರ ಇದೆ. ಮೊದಲ ಪುಟದಿಂದಲೇ ಸ್ಕ್ರೀನ್‌ಶಾಟ್ ತೆಗೆದಿದ್ದೆ, 65% ಚೆನ್ನಾಗಿ ಕಾಣುತ್ತೆ, ಮೇಲೆ ಟೈಮೂ ಇದೆ. ಕಳಿಸ್ತೀನಿ, ನಂಬರ್ ಗ್ರೂಪಲ್ಲೇ ಇದೆಯಲ್ಲ.

ಮಾದಾಪುರದ ಹುಡುಗ
ಹದಿನೆಂಟು ದಿನ ಆಯ್ತು, ಏನಾಯ್ತು ಅಂತ ಹೇಳ್ತೀನಿ. ದೂರು ಅಧಿಕಾರಿಗೆ ಬರೆದೆ, ಮರುದಿನ "ತಲುಪಿದೆ" ಅಂತ ಬಂತು, ಆಮೇಲೆ ಸುದ್ದಿ ಇಲ್ಲ. 1915ರಲ್ಲಿ ಹಾಕಿದ ಮೇಲೆ ಕಂಪನಿಯಿಂದ ಒಬ್ಬರು ಫೋನ್ ಮಾಡಿದ್ರು, ಮರ್ಯಾದೆಯಿಂದಲೇ ಮಾತಾಡಿದ್ರು. ಮೊದಲು 1,500ರ ಕೂಪನ್ ಅಂದ್ರು. ಬೇಡ, ನಿಮ್ಮದೇ ಷರತ್ತಿನ 500 ಎಲ್ಲಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ನಿನ್ನೆ ಮತ್ತೆ ಫೋನ್ ಬಂತು, ಆ 500 ಸೇರಿಸಿ 3,500 ಖಾತೆಗೆ ಹಾಕ್ತೀವಿ, ದೂರು ವಾಪಸ್ ತಗೊಳ್ಳಿ ಅಂತಾರೆ. ನಾನು 6,000 ಕೇಳಿದ್ದೀನಿ. ಸೋಮವಾರ ಹೇಳ್ತೀವಿ ಅಂದಿದ್ದಾರೆ.

ಸುಂಟಿಕೊಪ್ಪ ಟೀಚರ್
3,500 ಸಾಕು ಮಗನೇ. ತಗೊಂಡು ಬಿಡು.

ಕಾವೇರಿ ತೀರ
ಸಾಕಾಗಲ್ಲ. ಬಿಡಬೇಡಿ.

ಕುಶಾಲನಗರ ಹಾರ್ಡ್‌ವೇರ್
ನಾನು ಮಾರುವವರ ಕಡೆಯವನೇ, ಆದ್ರೂ ಹೇಳ್ತೀನಿ, ಇನ್‌ವಾಯ್ಸ್ ಹರಿದ ಮೇಲೆ ಐದು ಸಾವಿರ ಕೊಟ್ಟು ಮುಗಿಸೋದು ಅವರಿಗೂ ಮರ್ಯಾದೆ. ನೈಲಾನ್ ದಾರ ಹಾಕಿ ಹೊಡೀತಿದ್ದೀಯಾ, ಬ್ಲೇಡಾ? ಕಾಫಿ ಬುಡದ ಹತ್ರ ಬ್ಲೇಡ್ ಬೇಡ, ಗಿಡದ ಸಿಪ್ಪೆ ಹೋಗುತ್ತೆ.

ಮಾದಾಪುರದ ಹುಡುಗ
ದಾರವೇ ಅಣ್ಣ. ಎರಡು ಎಕರೆ ಮುಗೀತು. ವಕೀಲಕ್ಕ, ಅವರು 3,500ಕ್ಕೇ ನಿಂತರೆ ಪೋರ್ಟಲಲ್ಲಿ ಹಾಕೋ ಮೊದಲು ದೂರಿನ ಕರಡು ನಿಮಗೆ ಕಳಿಸಲಾ?

ವಕೀಲಕ್ಕ ಮಡಿಕೇರಿ
ಕಳಿಸು. ಕುಶಾಲನಗರದ ಬಿಲ್ಲಿನ ಫೋಟೋ ಜೊತೆಗಿರಲಿ.